ಮನೆ ಒಪ್ಪುವ ಮೊದಲು ಮೇ ತಿಂಗಳನ್ನು ವಿಚಾರಿಸಿ

ಚಿಕ್ಕಬಳ್ಳಾಪುರ ಸೀಮೆಯಲ್ಲಿ ಬಾಡಿಗೆ ಮನೆ ಹುಡುಕುವವರು ಕೇಳುವ ಪ್ರಶ್ನೆಗಳು ನನ್ನ ನೆನಪಿನಲ್ಲಿಯೇ ಎಷ್ಟೋ ಬದಲಾಗಿವೆ. ಮೊದಲೆಲ್ಲ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬಸ್‌ಸ್ಟ್ಯಾಂಡಿಗೆ ಎಷ್ಟು ದೂರ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ನೀರಿನ ಮಾತು ಬಂದರೆ ಬಾವಿ ಹಿತ್ತಲಲ್ಲಿದೆಯೋ ಬೀದಿಯಲ್ಲಿದೆಯೋ ಎಂದಷ್ಟೇ ತಿಳಿದರೆ ಸಾಕಿತ್ತು. ಹಗ್ಗ ಇಳಿಬಿಟ್ಟರೆ ನೀರು ಎಷ್ಟು ಆಳದಲ್ಲಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಆಮೇಲೆ ಬಾವಿಗಳು ಬತ್ತಿದವು, ಬೀದಿಗೆ ಬೋರಿಂಗ್ ಬಂತು, ಅದೂ ಸಾಲದೆ ಮನೆಮನೆಗೂ ಕೊಳವೆಬಾವಿ ಬಂತು. ನೀರು ಕಣ್ಣಿಗೆ ಕಾಣದಷ್ಟು ಕೆಳಕ್ಕೆ ಹೋಯಿತು. ಅದರ ಜೊತೆಗೆ ಪ್ರಶ್ನೆಯೂ ಸೂಕ್ಷ್ಮವಾಗಬೇಕಿತ್ತು, ಆದರೆ ಹಾಗಾಗಲಿಲ್ಲ. ಇವತ್ತಿಗೂ ಮನೆ ನೋಡಲು ಬಂದವರು "ನೀರು ಹೇಗೆ?" ಎನ್ನುತ್ತಾರೆ, ಮನೆಯವರು "ನೀರಿಗೇನೂ ತೊಂದ್ರೆ ಇಲ್ಲ ಸಾರ್, ಬೋರಿದೆ" ಎನ್ನುತ್ತಾರೆ, ಅಲ್ಲಿಗೆ ಅಡ್ವಾನ್ಸಿನ ಚರ್ಚೆ ಶುರುವಾಗುತ್ತದೆ. ಆ ಉತ್ತರ ಸುಳ್ಳಲ್ಲ. ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಈ ನಾಲ್ಕು ಊರುಗಳಲ್ಲಿ, ಎಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳಲ್ಲಿ, ಕೇಳಬೇಕಾದದ್ದು ನೀರು ಇದೆಯೇ ಎಂದಲ್ಲ. ಮೇ ತಿಂಗಳಲ್ಲಿ, ಕರೆಂಟು ಎರಡು ದಿನ ಇಲ್ಲದಾಗ, ಈ ಮನೆಯ ನಲ್ಲಿಯಲ್ಲಿ ಎಷ್ಟು ಹೊತ್ತು ನೀರು ಬರುತ್ತದೆ ಎಂದು. ಈ ಒಂದು ಪ್ರಶ್ನೆಯನ್ನು ಬಿಡಿಸಿ ಕೇಳುವುದು ಹೇಗೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೇ ತಿಂಗಳೇ ಏಕೆ ಎಂಬುದಕ್ಕೆ ನಮ್ಮ ನೆಲವೇ ಕಾರಣ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ನಂದಿಯ ಸುತ್ತಮುತ್ತಲ ಬೆಟ್ಟಗಳ ಕಡೆ ಹುಟ್ಟುತ್ತವೆ, ಆದರೆ ಹುಟ್ಟಿದ ಊರಿನಲ್ಲಿ ಮಳೆ ಬಂದಾಗ ಮಾತ್ರ ಹರಿಯುತ್ತವೆ. ಗೌರಿಬಿದನೂರಿನ ಪಕ್ಕದಲ್ಲೇ ಪಿನಾಕಿನಿ ಇದ್ದರೂ ವರ್ಷದ ಹೆಚ್ಚಿನ ದಿನ ಅಲ್ಲಿ ಕಾಣುವುದು ಒಣ ಹೊಳೆಯ ಪಾತ್ರವೇ. ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡಗು ಜಲಾಶಯವಿದೆ, ಚಿಂತಾಮಣಿಗೆ ಕನ್ನಂಪಲ್ಲಿ ಕೆರೆಯಿದೆ. ಎರಡೂ ಮಳೆ ತುಂಬಿಸಿದರೆ ಮಾತ್ರ ತುಂಬುವಂಥವು. 2021ರ ನವೆಂಬರಿನ ಮಳೆಗೆ ಕೆರೆಗಳು ಕೋಡಿ ಬಿದ್ದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಎರಡೇ ವರ್ಷದ ಅಂತರದಲ್ಲಿ ಎರಡೂ ತುದಿಗಳನ್ನು ಕಂಡ ನೆಲ ಇದು. ಕೆರೆಯ ನೀರು ಕಡಿಮೆಯಾದಾಗ ನಗರಸಭೆಯೂ ಕೊಳವೆಬಾವಿಗೇ ಕೈಹಾಕುತ್ತದೆ. ಹಾಗಾಗಿ ಮನೆಯ ಬೋರು ಬೇರೆ, ನಗರಸಭೆಯ ನೀರು ಬೇರೆ ಎಂದು ನಾವು ಎಣಿಸಿದರೂ ಬೇಸಗೆಯಲ್ಲಿ ಎರಡೂ ಒಂದೇ ಅಂತರ್ಜಲವನ್ನು ಹೀರುತ್ತಿರುತ್ತವೆ. ಆ ಅಂತರ್ಜಲ ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿ, ಅತಿ ಕೆಳಗಿರುತ್ತದೆ. ಹಿಂಗಾರು ಮುಗಿಯುವ ನವೆಂಬರಿನ ಹೊತ್ತಿಗೆ ಮೇಲೇರಿರುತ್ತದೆ. ಅಂತರ್ಜಲ ಅಳೆಯುವ ಇಲಾಖೆಗಳು ಈ ಎರಡು ತಿಂಗಳುಗಳ ಅಳತೆಯನ್ನು ಹೋಲಿಸಿ ನೋಡುವುದು ಇದಕ್ಕಾಗಿಯೇ. ನವೆಂಬರಿನಲ್ಲಿ ಮನೆ ನೋಡಿ ಬೋರು ಚೆನ್ನಾಗಿದೆ ಎಂದು ತೀರ್ಮಾನಿಸಿದವರು ನೋಡಿದ್ದು ವರ್ಷದ ಅತ್ಯುತ್ತಮ ದಿನವನ್ನು. ಕರಾರು ಮಾತ್ರ ಹನ್ನೊಂದು ತಿಂಗಳದ್ದು. ಯಾವ ತಿಂಗಳಲ್ಲಿ ಶುರು ಮಾಡಿದರೂ ಹನ್ನೊಂದು ತಿಂಗಳಲ್ಲಿ ಬೇಸಗೆ ಸೇರಿಯೇ ತೀರುತ್ತದೆ.

ಮೊದಲು ನಗರಸಭೆಯ ನಲ್ಲಿಯನ್ನು ತೆಗೆದುಕೊಳ್ಳೋಣ. "ಎಷ್ಟು ದಿನಕ್ಕೊಮ್ಮೆ ನೀರು ಬಿಡ್ತಾರೆ?" ಎಂದು ಕೇಳುವವರು ಇದ್ದಾರೆ. ಅದು ಪ್ರಶ್ನೆಯ ಕಾಲು ಭಾಗ ಮಾತ್ರ. ಬಿಟ್ಟ ದಿನ ಎಷ್ಟು ಹೊತ್ತು ಬಿಡುತ್ತಾರೆ, ಆ ಹೊತ್ತಿನಲ್ಲಿ ಈ ಮನೆಯ ಕೊಳಾಯಿಯಲ್ಲಿ ಎಷ್ಟು ರಭಸ ಇರುತ್ತದೆ, ಆ ಸರದಿಯ ಹೊತ್ತಿಗೆ ಕರೆಂಟು ಹೋದರೆ ಸರದಿ ಮರುದಿನಕ್ಕೆ ಬರುತ್ತದೆಯೋ ಅಥವಾ ಪೂರ್ತಿ ತಪ್ಪಿಹೋಗುತ್ತದೆಯೋ, ಈ ಮೂರೂ ತಿಳಿಯಬೇಕು. ರಭಸವನ್ನು ಅಳೆಯಲು ಯಾವ ಯಂತ್ರವೂ ಬೇಡ. ನೀರು ಬಿಡುವ ಹೊತ್ತಿಗೆ ಹೋಗಿ ಹದಿನೈದು ಲೀಟರಿನ ಬಕೆಟ್ ಹಿಡಿಯಿರಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 900 ಲೀಟರ್. ಅರ್ಧ ಇಂಚಿನ ನಲ್ಲಿಗೆ ಅದು ಒಳ್ಳೆಯ ರಭಸವೇ. ಬೀದಿಯ ತುದಿಯ ಮನೆಗೆ, ದಿಬ್ಬದ ಮೇಲಿನ ಮನೆಗೆ, ಅಕ್ಕಪಕ್ಕದವರು ಪೈಪಿಗೇ ಮೋಟಾರು ಹಚ್ಚಿ ಎಳೆಯುವ ಬೀದಿಯ ಮನೆಗೆ ಇದರ ಅರ್ಧವೂ ಬರುವುದಿಲ್ಲ. ಒಂದೇ ಬೀದಿಯ ಎರಡು ಮನೆಗಳಿಗೆ ಒಂದೇ ವಾಲ್ವ್‌ನಿಂದ ನೀರು ಬಿಟ್ಟರೂ ಒಬ್ಬರ ಸಂಪು ತುಂಬಿ ಇನ್ನೊಬ್ಬರದು ತಳ ಕಾಣುವುದು ಹೀಗೆ. ಇದನ್ನೆಲ್ಲ ಸರಿಯಾಗಿ ಬಲ್ಲವರು ಮನೆಯ ಮಾಲೀಕರಲ್ಲ, ಆ ಬೀದಿಗೆ ನೀರು ಬಿಡುವವರು. ಬೆಳಗಿನ ಜಾವ ವಾಲ್ವ್ ತಿರುಗಿಸುವ ಆ ಮನುಷ್ಯನನ್ನು "ಅಣ್ಣಾ, ಈ ಲೈನಿಗೆ ಹೋದ ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೊಮ್ಮೆ ಬಿಟ್ರಿ?" ಎಂದು ಕೇಳಿದರೆ ಸಿಗುವ ಉತ್ತರಕ್ಕೆ ಯಾವ ಬ್ರೋಕರನ ಮಾತೂ ಸಾಟಿಯಲ್ಲ.

ಇನ್ನು ಬೋರು. ಇಲ್ಲೇ ಹೆಚ್ಚಿನವರು ಏಮಾರುವುದು. ಮನೆ ತೋರಿಸುವವರು ಸ್ವಿಚ್ ಒತ್ತುತ್ತಾರೆ, ಟ್ಯಾಂಕಿನ ಪೈಪಿನಲ್ಲಿ ಧೋ ಎಂದು ನೀರು ಬೀಳುತ್ತದೆ, ಹತ್ತು ನಿಮಿಷ ನೋಡಿ ಎಲ್ಲರೂ ಸಮಾಧಾನವಾಗಿ ಕೆಳಗಿಳಿಯುತ್ತಾರೆ. ಆ ಹತ್ತು ನಿಮಿಷ ಬೋರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ನಮ್ಮ ಭಾಗದ್ದು ಗಟ್ಟಿ ಕಲ್ಲಿನ ನೆಲ. ಮೇಲಿನ ಶಿಥಿಲಗೊಂಡ ಪದರ ಬಹುಪಾಲು ಒಣಗಿಹೋಗಿದೆ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ, ಅದೂ ನೂರಾರು ಅಡಿ ಕೆಳಗೆ. ಸಾವಿರ ಅಡಿ ದಾಟಿದ ಕೊಳವೆಬಾವಿ ಈ ತಾಲ್ಲೂಕುಗಳಲ್ಲಿ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಮೋಟಾರು ನಿಂತಿರುವಾಗ ಬಿರುಕುಗಳಿಂದ ನಿಧಾನವಾಗಿ ಜಿನುಗಿದ ನೀರು ಕೊಳವೆಯಲ್ಲಿ ಏರಿ ನಿಂತಿರುತ್ತದೆ. ಆರೂವರೆ ಇಂಚಿನ ಕೊಳವೆಯಲ್ಲಿ ಒಂದು ಅಡಿಗೆ ಸುಮಾರು ಆರೂವರೆ ಲೀಟರ್ ನೀರು ಹಿಡಿಯುತ್ತದೆ. ಮೋಟಾರಿನ ಮೇಲೆ ಇನ್ನೂರು ಅಡಿ ನೀರು ನಿಂತಿದ್ದರೆ ಅದು 1,300 ಲೀಟರ್. ಗಂಟೆಗೆ 3,000 ಲೀಟರ್ ಎತ್ತುವ ಮೋಟಾರಿಗೆ ಆ ನೀರನ್ನು ಖಾಲಿ ಮಾಡಲು ಹೆಚ್ಚುಕಡಿಮೆ ಅರ್ಧ ಗಂಟೆ ಬೇಕು. ಮೊದಲ ಅರ್ಧ ಗಂಟೆ ಬೀಳುವ ನೀರು ಕೂಡಿಟ್ಟ ಗಂಟು, ಆಮೇಲೆ ಬರುವುದೇ ನಿಜವಾದ ದುಡಿಮೆ. ಬಾಡಿಗೆದಾರನಿಗೆ ತಿಳಿಯಬೇಕಾದದ್ದು ದುಡಿಮೆ ಎಷ್ಟು ಎಂದು. ಆದ್ದರಿಂದ ಒಂದು ಗಂಟೆಯಾದರೂ ಮೋಟಾರು ಓಡಿಸಿ ನೋಡಬೇಕು. ಮುಕ್ಕಾಲು ಗಂಟೆಯ ಮೇಲೂ ಧಾರೆ ಸಣ್ಣಗಾಗದೆ, ಗಾಳಿ ಸೇರಿ ತಡೆತಡೆದು ಬೀಳದೆ, ಕೆಸರಾಗದೆ ಇದ್ದರೆ ಆ ಬೋರು ಇವತ್ತಿಗೆ ಆರೋಗ್ಯವಾಗಿದೆ. ಅರ್ಧ ಗಂಟೆಗೇ ಪೈಪು ಬುಸುಗುಟ್ಟಿ ನೀರು ಉಗುಳತೊಡಗಿದರೆ, ಅಥವಾ ಮೋಟಾರು ಸುಡದಿರಲೆಂದು ಹಾಕಿದ ಪ್ಯಾನೆಲ್ ತಾನಾಗಿ ಆಫ್ ಆದರೆ, ಆ ಬೋರು ಜಿನುಗಿದ್ದನ್ನು ಕೂಡಿಟ್ಟು ಕೊಡುತ್ತಿದೆ ಎಂದರ್ಥ. ಅಂಥ ಬೋರು ಮೇ ತಿಂಗಳಲ್ಲಿ ಮೊದಲು ಕೈಕೊಡುತ್ತದೆ.

ಬೋರಿನ ಬಗ್ಗೆ ಮಾಲೀಕರು ಹೆಮ್ಮೆಯಿಂದ ಹೇಳುವ ಇನ್ನೊಂದು ಮಾತು "ಎರಡಿಂಚು ನೀರು ಬಿದ್ದಿತ್ತು" ಎಂದು. ಈ ಇಂಚಿನ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಬೋರು ಕೊರೆದ ದಿನ ಉಕ್ಕುವ ನೀರನ್ನು ವಿ ಆಕಾರದ ಕಚ್ಚಿನ ತಗಡಿನ ಮೂಲಕ ಹರಿಸಿ, ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಂತಿತು ಎಂದು ಅಳೆಯುತ್ತಾರೆ. ಅದೇ ಇಂಚು. ಕಚ್ಚು ಮೇಲೆ ಹೋದಂತೆ ಅಗಲವಾಗುವುದರಿಂದ ಎರಡಿಂಚು ಎಂದರೆ ಒಂದಿಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗಿಂತ ಹೆಚ್ಚು. ಒಂದಿಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚು ಎಂದರೆ ಸುಮಾರು 2,900 ಲೀಟರ್. ಎರಡಿಂಚಿನ ಬೋರು ಒಂದೂವರೆ ಇಂಚಿಗೆ ಇಳಿಯಿತು ಎಂದರೆ ಕಿವಿಗೆ ಸಣ್ಣ ಇಳಿಕೆಯಂತೆ ಕೇಳುತ್ತದೆ, ನಿಜಕ್ಕೂ ನೀರು ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಕೊರೆದ ದಿನದ ಅಳತೆ. ಆಮೇಲೆ ಸುತ್ತಮುತ್ತ ಎಷ್ಟು ಬೋರು ಬಿದ್ದಿವೆ, ಅದೇ ಬಿರುಕಿಗೆ ಎಷ್ಟು ಮೋಟಾರುಗಳು ಬಾಯಿ ಹಾಕಿವೆ ಎಂಬುದು ಆ ಅಳತೆಯಲ್ಲಿಲ್ಲ. ಹಾಗಾಗಿ ಯಾವ ವರ್ಷ ಕೊರೆಸಿದ್ದು, ಎಷ್ಟು ಅಡಿ, ಮೋಟಾರು ಎಷ್ಟು ಅಡಿಗೆ ಇಳಿಬಿಟ್ಟಿದೆ, ಈಚೆಗೆ ಇನ್ನೂ ಕೆಳಕ್ಕೆ ಇಳಿಸಬೇಕಾಯಿತೇ ಎಂದು ಕೇಳಬೇಕು. ಕಳೆದ ಎರಡು ಬೇಸಗೆಗಳಲ್ಲಿ ಮೋಟಾರನ್ನು ಮತ್ತೆರಡು ಲೆಂತ್ ಪೈಪು ಸೇರಿಸಿ ಇಳಿಸಿದ್ದರೆ ನೀರಿನ ಮಟ್ಟ ಜಾರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಶಿಡ್ಲಘಟ್ಟದಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ಈ ಬೋರಿನಿಂದ ರೇಷ್ಮೆ ನೂಲು ಬಿಚ್ಚುವ ಘಟಕಕ್ಕೂ ನೀರು ಹೋಗುತ್ತದೆಯೇ? ಗೂಡು ಬೇಯಿಸಲು, ಬೇಸಿನ್ನುಗಳಿಗೆ, ಬಾಯ್ಲರಿಗೆ ನೀರು ದಿನವೂ ಬೇಕು. ಮನೆ ಮತ್ತು ಘಟಕ ಒಂದೇ ಕಾಂಪೌಂಡಿನಲ್ಲಿದ್ದು ಒಂದೇ ಬೋರಿನ ಮೇಲೆ ನಿಂತಿದ್ದರೆ, ನೀರು ಕಡಿಮೆಯಾದ ದಿನ ಯಾರ ಪೈಪು ಮೊದಲು ಮುಚ್ಚುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಇಲ್ಲಿಗೆ ಕರೆಂಟಿನ ಮಾತು ಬರಬೇಕು. ಬಾಡಿಗೆದಾರರು ನೀರನ್ನೂ ಕರೆಂಟನ್ನೂ ಬೇರೆ ಬೇರೆ ಕೇಳುತ್ತಾರೆ, ಇವೆರಡೂ ನಮ್ಮಲ್ಲಿ ಒಂದೇ ಪ್ರಶ್ನೆ. ಸಾವಿರ ಅಡಿಯಿಂದ ನೀರು ಎತ್ತುವ ಮೋಟಾರು ಹೆಚ್ಚಾಗಿ ತ್ರೀ ಫೇಸಿನದು. ಮೂರರಲ್ಲಿ ಒಂದು ಫೇಸ್ ಹೋದರೂ ಅದು ಓಡುವುದಿಲ್ಲ. ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ, ನೀರು ಮಾತ್ರ ಇರುವುದಿಲ್ಲ. ಊರಂಚಿನ ಹೊಸ ಬಡಾವಣೆಗಳಲ್ಲಿ ಈ ತೊಂದರೆ ಹೆಚ್ಚು. ಅವು ನಗರದ ಫೀಡರಿನಲ್ಲಿವೆಯೋ ಹಳ್ಳಿಯ ಫೀಡರಿನಲ್ಲಿವೆಯೋ ಎಂಬುದು ಮನೆಯ ಬಣ್ಣ ನೋಡಿದರೆ ತಿಳಿಯುವುದಿಲ್ಲ. ನೀರಾವರಿ ಪಂಪ್‌ಸೆಟ್ಟುಗಳ ಫೀಡರಿನಲ್ಲಿ ತ್ರೀ ಫೇಸ್ ಸಿಗುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಮೇಲೆ. ಹಳ್ಳಿಯ ಮನೆಗಳಿಗೆ ಪ್ರತ್ಯೇಕ ಲೈನು ಕೊಡುವ ನಿರಂತರ ಜ್ಯೋತಿ ಯೋಜನೆ ಬಂದಮೇಲೆ ದೀಪದ ಕಷ್ಟ ಬಹಳ ಕಡಿಮೆಯಾಗಿದೆ, ಮೋಟಾರಿನ ಕಷ್ಟ ಎಲ್ಲೆಡೆ ತೀರಿಲ್ಲ. ಮನೆಯ ವಿದ್ಯುತ್ ಬಿಲ್ಲು ಕೇಳಿ ಪಡೆದು, ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲೋ ಆ ಭಾಗದ ಲೈನ್‌ಮನ್ ಬಳಿಯೋ ಇದು ಯಾವ ಫೀಡರು ಎಂದು ವಿಚಾರಿಸಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಉದ್ದದ ಕರೆಂಟು ಕಡಿತ ಎಂದರೆ ಎಷ್ಟು ಉದ್ದ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ನಿರ್ವಹಣಾ ಕಾಮಗಾರಿಗೆಂದು ಮೊದಲೇ ತಿಳಿಸಿ ತೆಗೆಯುವ ಕರೆಂಟು ಸಾಮಾನ್ಯವಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ. ಅದನ್ನು ಯಾವ ಮನೆಯಾದರೂ ತಡೆದುಕೊಳ್ಳುತ್ತದೆ. ಕಷ್ಟ ಕೊಡುವುದು ಏಪ್ರಿಲ್, ಮೇ ತಿಂಗಳ ಬಿರುಗಾಳಿ ಮಳೆ. ಮರ ಬಿದ್ದು ತಂತಿ ಹರಿಯುತ್ತದೆ, ಕಂಬ ವಾಲುತ್ತದೆ, ಕೆಲವೊಮ್ಮೆ ಟಿಸಿಯೇ ಸುಡುತ್ತದೆ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ಪಟ್ಟಣದಲ್ಲಿ 24 ಗಂಟೆಯೊಳಗೆ, ಗ್ರಾಮೀಣ ಪ್ರದೇಶದಲ್ಲಿ 72 ಗಂಟೆಯೊಳಗೆ ಬದಲಿಸಬೇಕೆಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸೇವಾ ಮಾನದಂಡ ಹೇಳುತ್ತದೆ. ನಾವು ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಊರೊಳಗಿನ ಮನೆಯಾದರೆ ಒಂದು ದಿನ, ಊರಂಚಿನ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಮೂರು ದಿನ, ಹೊಸ ನೀರು ಬರದೆ ಆ ಮನೆ ನಡೆಯಬೇಕು. "ಯುಪಿಎಸ್ ಇದೆ" ಎಂಬ ಮಾತು ಇಲ್ಲಿ ಅರ್ಧ ಉತ್ತರ. 150 ಎಎಚ್ ಬ್ಯಾಟರಿಯ ಮನೆಯ ಯುಪಿಎಸ್ ಎರಡು ಫ್ಯಾನು, ನಾಲ್ಕು ದೀಪಗಳನ್ನು ಐದಾರು ಗಂಟೆ ನಡೆಸುತ್ತದೆ. ಕೊಳವೆಬಾವಿಯ ಮೋಟಾರನ್ನು ಅದು ಒಂದು ನಿಮಿಷವೂ ಎತ್ತಲಾರದು. ಶುರುವಾಗುವ ಕ್ಷಣದಲ್ಲಿ ಮೋಟಾರು ಓಡುವಾಗ ಎಳೆಯುವುದರ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಆದರೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಅರ್ಧ ಎಚ್‌ಪಿ ಮೋಟಾರಿನ ಕಥೆ ಬೇರೆ. ಸ್ವಲ್ಪ ದೊಡ್ಡ ಯುಪಿಎಸ್ ಅಥವಾ ಪುಟ್ಟ ಜನರೇಟರು ಇದ್ದರೆ ಇಪ್ಪತ್ತು ಮೂವತ್ತು ನಿಮಿಷ ಅದನ್ನು ಓಡಿಸಿ ಮನೆಯವರ ಒಂದು ದಿನದ ನೀರನ್ನು ಮೇಲಕ್ಕೇರಿಸಬಹುದು. ಇದರಿಂದ ಒಂದು ಸ್ಪಷ್ಟ ತೀರ್ಮಾನ ಹೊರಡುತ್ತದೆ: ಬೋರಿನಿಂದ ನೇರವಾಗಿ ತಾರಸಿಯ ಟ್ಯಾಂಕಿಗೆ ನೀರು ಹೋಗುವ ಮನೆಗಿಂತ, ಬೋರಿನಿಂದ ಸಂಪಿಗೆ, ಸಂಪಿನಿಂದ ಸಣ್ಣ ಮೋಟಾರಿನ ಮೂಲಕ ಟ್ಯಾಂಕಿಗೆ ಹೋಗುವ ಮನೆ ಬಹಳ ಗಟ್ಟಿ. ಬೋರು ಸ್ವಲ್ಪ ದುರ್ಬಲವಾದರೂ ಸರಿಯೇ.

ಇದನ್ನು ಒಂದು ಲೆಕ್ಕವಾಗಿ ಬಿಡಿಸಿ ನೋಡೋಣ. ಚಿಕ್ಕಬಳ್ಳಾಪುರದ ಹೊರ ಬಡಾವಣೆಯಲ್ಲಿ ನಾಲ್ಕು ಸಂಸಾರಗಳ ಒಂದು ಕಟ್ಟಡ ಎಂದಿಟ್ಟುಕೊಳ್ಳಿ, ಒಟ್ಟು ಹದಿನಾರು ಜನ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಬೇಸಗೆಯಲ್ಲಿ ನೋಡಿಕೊಂಡು ಬಳಸುವ ಸಂಸಾರಕ್ಕೆ 100 ಎಂದು ಹಿಡಿಯೋಣ. ದಿನಕ್ಕೆ 1,600 ಲೀಟರ್ ಬೇಕು, ನಾಲ್ಕು ದಿನಕ್ಕೆ 6,400. ನಗರಸಭೆ ನಾಲ್ಕು ದಿನಕ್ಕೊಮ್ಮೆ ಒಂದು ಗಂಟೆ ನೀರು ಬಿಟ್ಟು, ನಾವು ಮೊದಲು ಅಳೆದ ರಭಸವೇ ಇದ್ದರೆ ಬರುವುದು 900 ಲೀಟರ್. ಬೇಕಾದದ್ದರ ಏಳರಲ್ಲಿ ಒಂದು ಭಾಗ. ಆರು ಸಾವಿರ ಲೀಟರಿನ ಸಂಪು ಇದೆ ಎಂದು ಮಾಲೀಕರು ತೋರಿಸಿದರೂ ಅದನ್ನು ತುಂಬುವಷ್ಟು ನೀರು ನಲ್ಲಿಯಲ್ಲಿ ಬರುವುದೇ ಇಲ್ಲ. ಉಳಿದ 5,500 ಲೀಟರ್ ಬೋರಿನಿಂದಲೇ ಬರಬೇಕು, ಎಂದರೆ ದಿನಕ್ಕೆ ಸುಮಾರು 1,375. ಒಂದಿಂಚಿನ ಬೋರಾದರೆ ದಿನಕ್ಕೆ ಎರಡು ಮುಕ್ಕಾಲು ಗಂಟೆ ಓಡಬೇಕು. ಮೇ ತಿಂಗಳಲ್ಲಿ ಅದರ ನೀರು ಅರ್ಧಕ್ಕಿಳಿದರೆ ಐದೂವರೆ ಗಂಟೆ. ತ್ರೀ ಫೇಸ್ ಏಳು ಗಂಟೆ ಮಾತ್ರ ಬರುವ ಜಾಗದಲ್ಲಿ ಇದು ಎಷ್ಟು ಇಕ್ಕಟ್ಟಿನ ಲೆಕ್ಕ ಎಂಬುದು ಕಾಣುತ್ತದೆ. ಈಗ ಟಿಸಿ ಸುಟ್ಟಿತು ಎನ್ನಿ. ಸಂಪು ಆರು ಸಾವಿರ, ಮೇಲಿನ ಟ್ಯಾಂಕು ಎರಡು ಸಾವಿರ ತುಂಬಿದ್ದರೆ ಐದು ದಿನ ಸಾಗುತ್ತದೆ. ಸಂಪಿಲ್ಲದೆ ಸಾವಿರ ಲೀಟರಿನ ಸಿಂಟೆಕ್ಸ್ ಒಂದೇ ಇದ್ದರೆ ಹದಿನೈದು ಗಂಟೆಗೆ ಖಾಲಿ. ಒಂದೇ ಬೀದಿ, ಒಂದೇ ಬಾಡಿಗೆ, ಒಂದೇ ಬೋರು ಇದ್ದರೂ ಎರಡು ಕಟ್ಟಡಗಳ ನಡುವೆ ಇಷ್ಟು ಅಂತರ ಇರುತ್ತದೆ. ಮನೆ ನೋಡುವ ದಿನ ಸಂಪಿನ ಮುಚ್ಚಳ ತೆಗೆಸಿ ನೋಡದವರಿಗೆ ಈ ಅಂತರ ಎಂದಿಗೂ ಕಾಣುವುದಿಲ್ಲ.

ಇಷ್ಟೆಲ್ಲ ಏಕೆ, ನೀರಿಲ್ಲದಿದ್ದರೆ ಟ್ಯಾಂಕರ್ ತರಿಸಿದರಾಯಿತು ಎನ್ನುವವರಿದ್ದಾರೆ. ಟ್ಯಾಂಕರಿನ ನೀರನ್ನು ಸುರಿಯಲು ಜಾಗ ಬೇಕಲ್ಲ? ಐದು ಸಾವಿರ ಲೀಟರಿನ ಟ್ಯಾಂಕರ್ ಬಾಗಿಲಿಗೆ ಬಂದರೂ ಸಂಪಿಲ್ಲದ ಮನೆಗೆ ಅದರಿಂದ ಪ್ರಯೋಜನವಿಲ್ಲ. ಓಣಿ ಕಿರಿದಾಗಿ ಟ್ಯಾಂಕರ್ ಒಳಗೆ ಬರಲಾರದ ಮನೆಗೂ ಅಷ್ಟೇ. ಸಂಪಿದ್ದರೂ ಹದಿನಾರು ಜನಕ್ಕೆ ಒಂದು ಟ್ಯಾಂಕರ್ ಮೂರು ದಿನ, ತಿಂಗಳಿಗೆ ಹತ್ತು ಟ್ಯಾಂಕರ್. ಆ ದುಡ್ಡು ಯಾರು ಕೊಡುವುದು ಎಂಬುದನ್ನು ಮೊದಲೇ ಮಾತಾಡದಿದ್ದರೆ ಏಪ್ರಿಲ್‌ನಲ್ಲಿ ಜಗಳವಾಗಿಯೇ ಆಗುತ್ತದೆ. ಜೊತೆಗೆ ಟ್ಯಾಂಕರಿನ ನೀರು ಬರುವುದೂ ಯಾರದೋ ಹೊಲದ ಬೋರಿನಿಂದ. ಊರಿಗೆಲ್ಲ ನೀರು ಕಡಿಮೆಯಾದ ವಾರ ಅಲ್ಲೂ ಕಡಿಮೆಯಾಗಿರುತ್ತದೆ, ಅಲ್ಲೂ ಕರೆಂಟು ಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹೆಬ್ಬಾಳ–ನಾಗವಾರ ಕಣಿವೆಯ ನೀರು ಬಂದಮೇಲೆ ಕೆರೆಗಳು ತುಂಬಿವೆ, ಬತ್ತಿದ ಬೋರುಗಳಲ್ಲಿ ಮತ್ತೆ ನೀರು ಬಂದಿದೆ, ಹಳೆಯ ಭಯ ಈಗ ಏಕೆ ಎಂಬುದು. ಇದರಲ್ಲಿ ನಿಜವಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರಿನಷ್ಟನ್ನು 65 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಆ ನೀರು ಬಂದಿದೆ. ಚಿಂತಾಮಣಿಯ ಕೆಲವು ಕೆರೆಗಳು ಕೋಲಾರದ ಕಡೆಯ ಕೆ.ಸಿ. ವ್ಯಾಲಿ ಯೋಜನೆಯಲ್ಲಿವೆ. ಕೆರೆಯ ಕೆಳಗಿನ ಅಂತರ್ಜಲಕ್ಕೆ ಇದರಿಂದ ಬಲ ಬಂದಿರುವುದನ್ನು ಅಲ್ಲಗಳೆಯಲಾಗದು. ಆದರೆ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ಎಲ್ಲ ಕಡೆಗೂ ಸಮನಾಗಿ ಹರಡುವುದಿಲ್ಲ, ಬಿರುಕು ಹೋದ ದಾರಿಯಲ್ಲೇ ಹೋಗುತ್ತದೆ. ಕೆರೆಯ ಪಕ್ಕದ ಬೋರಿಗೆ ಆ ಬಿರುಕಿನ ಸಂಬಂಧ ಇಲ್ಲದಿರಬಹುದು, ಅರ್ಧ ಮೈಲಿ ಆಚೆಯದಕ್ಕೆ ಇರಬಹುದು. ಕೆರೆ ತುಂಬಿದೆ ಎಂಬುದರಿಂದ ಈ ಮನೆಯ ಬೋರಿನಲ್ಲಿ ನೀರಿದೆ ಎಂದು ತೀರ್ಮಾನಿಸಲು ಬರುವುದಿಲ್ಲ. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ಈ ಜಿಲ್ಲೆಯ ಜನ ವರ್ಷಗಳಿಂದ ಒತ್ತಾಯಿಸುತ್ತಿರುವುದರಿಂದ, ಕೆರೆಯ ಪಕ್ಕದ ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯುವುದೂ ಸರಿಯಲ್ಲ. ಇನ್ನು ಎತ್ತಿನಹೊಳೆಯ ನೀರು ಬರುತ್ತದೆ ಎನ್ನುವವರೂ ಇದ್ದಾರೆ. ಆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆಯಾಯಿತು, ಮೊದಲ ಹಂತದ ನೀರೆತ್ತುವ ಕೆಲಸ ಸಕಲೇಶಪುರದ ಕಡೆ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಯೋಜನೆಗಳ ವರ್ಷ ಬೇರೆ, ಹನ್ನೊಂದು ತಿಂಗಳ ಕರಾರಿನ ವರ್ಷ ಬೇರೆ.

ನೀರಿನ ಗುಣದ ಬಗ್ಗೆ ಒಂದೇ ಮಾತು ಸೇರಿಸಬೇಕು, ಏಕೆಂದರೆ ಅದೂ ಕರೆಂಟಿಗೇ ಬಂದು ನಿಲ್ಲುತ್ತದೆ. ಆಳದ ಬೋರುಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಹಾಗಾಗಿ ಬಹಳ ಮನೆಗಳು ಕುಡಿಯಲು ಬೀದಿಯ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿ ತರುತ್ತವೆ. ಕರೆಂಟು ಹೋದರೆ ಆ ಘಟಕವೂ ನಿಲ್ಲುತ್ತದೆ. ಹತ್ತಿರದ ಘಟಕ ಎಲ್ಲಿದೆ, ಅದು ನಡೆಯುತ್ತಿದೆಯೇ ಎಂದು ನೋಡಿಕೊಂಡು, ಒಂದು ಕ್ಯಾನು ಸದಾ ಹೆಚ್ಚಿಗೆ ತುಂಬಿಟ್ಟುಕೊಳ್ಳುವುದು ಈ ಊರುಗಳಲ್ಲಿ ಸಂಸಾರ ಹೂಡುವವರು ಕಲಿಯಬೇಕಾದ ರೂಢಿ.

ಕೊನೆಯ ಆಕ್ಷೇಪ ಮಾಲೀಕರದು. ಭೂಮಿಯೊಳಗಿನ ನೀರಿಗೆ ನಾನು ಹೇಗೆ ಗ್ಯಾರಂಟಿ ಕೊಡಲಿ, ಇಷ್ಟು ಪ್ರಶ್ನೆ ಕೇಳುವವರಿಗೆ ಮನೆಯನ್ನೇ ಕೊಡುವುದಿಲ್ಲ ಎಂದು ಅವರು ಹೇಳಬಹುದು. ಮೊದಲನೆಯ ಮಾತು ನ್ಯಾಯವಾದದ್ದೇ, ಯಾರೂ ಬೋರಿಗೆ ಜಾಮೀನು ನಿಲ್ಲಲಾರರು. ಬತ್ತಿದರೆ ಇನ್ನೊಂದು ಕೊರೆಸುತ್ತೇನೆ ಎನ್ನುವುದೂ ಅಷ್ಟು ಸುಲಭವಲ್ಲ, 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಂತೆ ಅಂತರ್ಜಲ ಅತಿಯಾಗಿ ಬಳಕೆಯಾಗಿ ಅಧಿಸೂಚಿತವಾದ ತಾಲ್ಲೂಕುಗಳಲ್ಲಿ ಹೊಸ ಬೋರಿಗೆ ಅನುಮತಿ ಬೇಕು. ಆದರೆ ಬಾಡಿಗೆದಾರರು ಕೇಳಬೇಕಾದದ್ದು ಗ್ಯಾರಂಟಿಯನ್ನಲ್ಲ, ಕಳೆದ ವರ್ಷದ ಲೆಕ್ಕವನ್ನು. "ಹೋದ ಬೇಸಗೆಯಲ್ಲಿ ಎಷ್ಟು ಟ್ಯಾಂಕರ್ ಹಾಕಿಸಿದ್ರಿ?" ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಹೇಳಲು ಯಾರಿಗೂ ಕಷ್ಟವಿಲ್ಲ. ಮಾಲೀಕರು ಹೇಳದಿದ್ದರೆ ಅದೇ ಕಟ್ಟಡದ ಮೇಲಿನ ಮನೆಯ ಅಮ್ಮನವರು ಹೇಳುತ್ತಾರೆ. ಮೆಟ್ಟಿಲ ಕೆಳಗೆ ಸಾಲಾಗಿ ಇಟ್ಟಿರುವ ಡ್ರಮ್ಮುಗಳು, ಬಚ್ಚಲಿನಲ್ಲಿ ತುಂಬಿಟ್ಟ ಕೊಡಗಳು, ನಲ್ಲಿಯ ಬಾಯಿಗೆ ಕಟ್ಟಿದ ಬಿಳಿಯ ಉಪ್ಪಿನ ಪದರವೂ ಹೇಳುತ್ತವೆ. ಎರಡನೆಯ ಮಾತಿಗೆ ಬಂದರೆ, ಕೇಳಿದ್ದಕ್ಕೆ ಕೊಡದ ಮನೆ ಕೈತಪ್ಪಿದರೆ ನಷ್ಟವೇನೂ ಇಲ್ಲ. ಸಾಮಾನು ಸಾಗಿಸಿ, ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಿ, ಏಪ್ರಿಲ್‌ನಲ್ಲಿ ಮತ್ತೆ ಮನೆ ಹುಡುಕುವುದು ಅದಕ್ಕಿಂತ ದೊಡ್ಡ ನಷ್ಟ. ಪ್ರಾಮಾಣಿಕವಾಗಿ ಸಂಪು ಕಟ್ಟಿಸಿ, ಬೋರಿನ ನಿಜ ಹೇಳಿ, ಬೇಸಗೆಯಲ್ಲಿ ಟ್ಯಾಂಕರ್ ಹಂಚಿಕೊಳ್ಳೋಣ ಎನ್ನುವ ಮಾಲೀಕರೂ ಈ ನಾಲ್ಕೂ ಊರುಗಳಲ್ಲಿ ಇದ್ದಾರೆ. ಯಾರೂ ಕೇಳದಿರುವುದರಿಂದಲೇ ಅವರ ಮನೆಗೂ ಉಳಿದವರ ಮನೆಗೂ ವ್ಯತ್ಯಾಸ ಕಾಣದೆ ಹೋಗುತ್ತಿದೆ.

ಆದ್ದರಿಂದ ಮನೆ ಒಪ್ಪುವ ಮೊದಲು ನಾಲ್ಕು ಕೆಲಸ ಮಾಡಿ. ನೀರು ಬಿಡುವ ಹೊತ್ತಿಗೆ ಬಕೆಟ್ ಹಿಡಿದು ನೋಡಿ. ಬೋರನ್ನು ಒಂದು ಗಂಟೆ ಓಡಿಸಿ. ಸಂಪು ಮತ್ತು ಟ್ಯಾಂಕು ಎಷ್ಟು ಲೀಟರಿನವು, ಎಷ್ಟು ಜನಕ್ಕೆ ಎಂದು ಭಾಗಿಸಿ ದಿನದ ಲೆಕ್ಕ ತೆಗೆಯಿರಿ. ಕರೆಂಟು ಹೋದಾಗ ಯಾವ ಮೋಟಾರು ಯಾವುದರಿಂದ ಓಡುತ್ತದೆ ಎಂದು ಕೇಳಿ. ಆಮೇಲೆ ಕರಾರು ಪತ್ರದಲ್ಲಿ ಎರಡು ಸಾಲು ಬರೆಸಿ: ಬೋರು ನಿಂತರೆ ಟ್ಯಾಂಕರಿನ ಖರ್ಚು ಯಾರದು, ಇಂತಿಷ್ಟು ದಿನ ನೀರಿನ ವ್ಯವಸ್ಥೆಯಾಗದಿದ್ದರೆ ಪೂರ್ತಿ ಅಡ್ವಾನ್ಸ್ ಹಿಂದಕ್ಕೆ ಪಡೆದು ಮನೆ ಬಿಡಬಹುದೇ. ಈ ಎರಡು ಸಾಲು ಬರೆಯಲು ಒಪ್ಪದ ಮನೆಗೆ, ಅದು ಎಷ್ಟೇ ಗಾಳಿ ಬೆಳಕಿನದಾಗಿರಲಿ, ಅಡ್ವಾನ್ಸ್ ಕೊಡಬೇಡಿ.